ಪ್ರಯಾಣದಲ್ಲಿ ಭೇದಿ: ಹೊಸ ಊರಿನ ನೀರು, ಆಹಾರ ಮತ್ತು ಕರುಳು – ಪದೇ ಪದೇ ಕೇಳುವ ಪ್ರಶ್ನೆಗಳು

"ನೀರು ಒಗ್ಗಲಿಲ್ಲ" ಎನ್ನುತ್ತಾರಲ್ಲ, ನೀರು ಬದಲಾದ ಮಾತ್ರಕ್ಕೆ ಭೇದಿಯಾಗುತ್ತದೆಯೇ?

ಬಹುಮಟ್ಟಿಗೆ ಇಲ್ಲ. ನೀರಿನ ರುಚಿ ಬೇರೆಯಾಗಿರಬಹುದು, ಗಡಸಾಗಿರಬಹುದು, ಸೋಪು ನೊರೆಯೇ ಬಾರದಂತಿರಬಹುದು. ಅಷ್ಟರಿಂದಲೇ ಕರುಳು ಕೆಡುವುದಿಲ್ಲ. ಇದಕ್ಕೆ ನಿಜವಾದ ಅಪವಾದ ಒಂದಿದೆ. ನೀರಿನಲ್ಲಿ ಸಲ್ಫೇಟ್ ಲವಣಗಳು, ಅದರಲ್ಲಿಯೂ ಮೆಗ್ನೀಷಿಯಂ ಸಲ್ಫೇಟ್, ಬಹಳ ಹೆಚ್ಚಾಗಿದ್ದರೆ ಅದು ಸೌಮ್ಯವಾದ ವಿರೇಚಕದಂತೆ ಕೆಲಸ ಮಾಡುತ್ತದೆ. ಸಲ್ಫೇಟ್ ಪ್ರಮಾಣ ಲೀಟರಿಗೆ 1000 ಮಿಲಿಗ್ರಾಂ ಆಸುಪಾಸು ತಲುಪಿದಾಗ ಹೊಸಬರಿಗೆ ಹೊಟ್ಟೆ ಸಡಿಲವಾಗಬಹುದು. ಆದರೆ ಅಂಥ ನೀರು ಕಹಿಯಾಗಿರುತ್ತದೆ, ಅದರಿಂದ ಜ್ವರವಾಗಲಿ ವಾಂತಿಯಾಗಲಿ ಬರುವುದಿಲ್ಲ, ಕೆಲವು ದಿನಗಳಲ್ಲಿ ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ.

ಉಳಿದಂತೆ ನಾವು "ನೀರು ಒಗ್ಗಲಿಲ್ಲ" ಎಂದು ಹೇಳುವ ಬಹುಪಾಲು ಪ್ರಸಂಗಗಳಲ್ಲಿ ಒಗ್ಗದೇ ಹೋದದ್ದು ನೀರಲ್ಲ, ನೀರಿನಲ್ಲಿಯೋ ಆಹಾರದಲ್ಲಿಯೋ ಇದ್ದ ರೋಗಾಣು. ಪ್ರಯಾಣಿಕರ ಭೇದಿಯಲ್ಲಿ ಹತ್ತಕ್ಕೆ ಎಂಟರಷ್ಟಾದರೂ ಬ್ಯಾಕ್ಟೀರಿಯಾಗಳಿಂದ ಬರುತ್ತದೆ ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಅವುಗಳಲ್ಲಿ ಅತಿ ಹೆಚ್ಚಾಗಿ ಕಾಣಿಸುವುದು ಇ. ಕೋಲಿಯ ಒಂದು ತಳಿ. ಕರುಳಿನಲ್ಲಿ ವಿಷವನ್ನು ಉತ್ಪಾದಿಸುವುದರಿಂದ ಅದನ್ನು ಎಂಟರೊಟಾಕ್ಸಿಜೆನಿಕ್ ಇ. ಕೋಲಿ ಎಂದೂ, ಚಿಕ್ಕದಾಗಿ ಇಟೆಕ್ ಎಂದೂ ಕರೆಯುತ್ತಾರೆ. ಈ ಪುಟದಲ್ಲಿ ಮುಖ್ಯವಾಗಿ ಅದು ತರುವ ನೀರುಭೇದಿಯನ್ನೇ ವಿವರಿಸಲಾಗಿದೆ, ಏಕೆಂದರೆ ಕರುಳು ಏನು ಮಾಡುತ್ತದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಕಾಯಿಲೆ ಇನ್ನೊಂದಿಲ್ಲ.

ಅದೇ ನೀರು ಕುಡಿದು, ಅದೇ ಊಟ ಮಾಡುವ ಅಲ್ಲಿನವರಿಗೆ ಏನೂ ಆಗುವುದಿಲ್ಲವಲ್ಲ?

ಅವರಿಗೂ ಆಗಿರುತ್ತದೆ, ಚಿಕ್ಕವರಿದ್ದಾಗ. ಇಟೆಕ್ ಹೆಚ್ಚಾಗಿರುವ ಕಡೆಗಳಲ್ಲಿ ಅದು ಪದೇ ಪದೇ ಕಾಡುವುದು ಎಳೆಯ ಮಕ್ಕಳನ್ನು. ಹಾಗೆ ಹಲವು ಸಲ ಸೋಂಕು ತಗುಲಿ ಬೆಳೆದವರ ಕರುಳಿನ ಲೋಳೆಯಲ್ಲಿ, ಆ ಬ್ಯಾಕ್ಟೀರಿಯಾ ಗೋಡೆಗೆ ಅಂಟದಂತೆ ತಡೆಯುವ ಪ್ರತಿಕಾಯಗಳು ಸಿದ್ಧವಾಗಿರುತ್ತವೆ. ಹೊಸದಾಗಿ ಬಂದವರಲ್ಲಿ ಈ ರಕ್ಷಣೆ ಇರುವುದಿಲ್ಲ. ಹೊಸಬರೂ ಅಲ್ಲಿಯೇ ತಿಂಗಳುಗಟ್ಟಲೆ ನೆಲೆಸಿದರೆ ಭೇದಿಯಾಗುವುದು ಕ್ರಮೇಣ ಕಡಿಮೆಯಾಗುತ್ತದೆ. ಆದರೆ ಒಂದೆರಡು ವಾರದ ಪ್ರವಾಸದಲ್ಲಿ ಈ ರಕ್ಷಣೆ ಸಂಪಾದನೆಯಾಗುವುದಿಲ್ಲ. ಆದ್ದರಿಂದ "ಸ್ವಲ್ಪ ಸ್ವಲ್ಪ ಕುಡಿದು ಅಭ್ಯಾಸ ಮಾಡಿಕೊಳ್ಳಿ" ಎಂಬ ಸಲಹೆಗೆ ಕಿವಿಗೊಡಬೇಡಿ.

ಕರುಳಿನೊಳಗೆ ನಿಜವಾಗಿ ನಡೆಯುವುದೇನು? ಅಷ್ಟೊಂದು ನೀರು ಎಲ್ಲಿಂದ ಬರುತ್ತದೆ?

ಇದನ್ನು ತಿಳಿಯಲು ಮೊದಲು ಆರೋಗ್ಯವಂತ ಕರುಳಿನ ದಿನಚರಿಯನ್ನು ನೋಡಬೇಕು. ನಾವು ದಿನಕ್ಕೆ ಸುಮಾರು 2 ಲೀಟರ್ ದ್ರವವನ್ನು ಕುಡಿಯುತ್ತೇವೆ. ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕದ ರಸ ಮತ್ತು ಕರುಳಿನದೇ ಸ್ರಾವ ಇವೆಲ್ಲ ಸೇರಿ ಇನ್ನೂ 6ರಿಂದ 7 ಲೀಟರ್ ಒಳಗಿನಿಂದ ಬಂದು ಸೇರುತ್ತದೆ. ಹೀಗೆ ದಿನವೊಂದಕ್ಕೆ 8–9 ಲೀಟರ್ ದ್ರವ ಕರುಳಿನಲ್ಲಿ ಹರಿದರೂ ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದುದೆಲ್ಲವನ್ನೂ ಕರುಳು ಮರಳಿ ಹೀರಿಕೊಳ್ಳುತ್ತದೆ. ಹೆಚ್ಚಿನ ಪಾಲನ್ನು ಸಣ್ಣ ಕರುಳು ಹೀರುತ್ತದೆ, ಉಳಿದ ಒಂದೂವರೆ ಲೀಟರಿನಷ್ಟನ್ನು ದೊಡ್ಡ ಕರುಳು ಹೀರುತ್ತದೆ.

ಕರುಳಿಗೆ ನೀರನ್ನು ನೇರವಾಗಿ ಎಳೆದುಕೊಳ್ಳುವ ಯಂತ್ರವೇನೂ ಇಲ್ಲ. ಗೋಡೆಯ ಕೋಶಗಳು ಉಪ್ಪನ್ನು ಒಳಕ್ಕೆ ಸಾಗಿಸುತ್ತವೆ, ಉಪ್ಪು ಹೋದ ಕಡೆಗೆ ನೀರು ತಾನಾಗಿಯೇ ಹೋಗುತ್ತದೆ. ಉಪ್ಪಿನ ದಿಕ್ಕು ತಿರುಗಿದರೆ ನೀರಿನ ದಿಕ್ಕೂ ತಿರುಗುತ್ತದೆ. ಇಟೆಕ್ ಮಾಡುವುದು ಇದನ್ನೇ.

ನುಂಗಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಹೊಟ್ಟೆಯ ಆಮ್ಲದಲ್ಲಿ ಸಾಯುತ್ತವೆ. ಉಳಿದವು ಸಣ್ಣ ಕರುಳನ್ನು ತಲುಪಿ, ಮೈಮೇಲಿನ ಕೂದಲಿನಂಥ ಎಳೆಗಳಿಂದ ಗೋಡೆಯನ್ನು ಹಿಡಿದುಕೊಂಡು ಸಂಖ್ಯೆಯಲ್ಲಿ ಬೆಳೆಯುತ್ತವೆ. ಅವು ಗೋಡೆಯನ್ನು ಕೊರೆಯುವುದಿಲ್ಲ, ಹುಣ್ಣು ಮಾಡುವುದಿಲ್ಲ. ಹೊರಗೆ ಕುಳಿತೇ ಒಂದೋ ಎರಡೋ ಬಗೆಯ ವಿಷವನ್ನು ಬಿಡುತ್ತವೆ. ಅವುಗಳಲ್ಲಿ ಒಂದು ಕಾಲರಾ ವಿಷದ ಹತ್ತಿರದ ಸಂಬಂಧಿ. ಈ ವಿಷಗಳು ಕೋಶದೊಳಗಿನ ಸಂಕೇತಗಳನ್ನು ಏರಿಸಿಬಿಡುತ್ತವೆ. ಅದರ ಪರಿಣಾಮವಾಗಿ ಕ್ಲೋರೈಡ್ ಹೊರಬಿಡುವ ಬಾಗಿಲು ತೆರೆದೇ ಉಳಿಯುತ್ತದೆ. ಅದೇ ಹೊತ್ತಿಗೆ ಸೋಡಿಯಂ ಮತ್ತು ಕ್ಲೋರೈಡ್‌ಗಳನ್ನು ಜೊತೆಯಾಗಿ ಹೀರುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅವೆರಡರ ಹಿಂದೆ ನೀರು, ಹೀಗೆ ಎಲ್ಲವೂ ರಕ್ತದ ಕಡೆಯಿಂದ ಕರುಳಿನ ಒಳಕ್ಕೆ ಸುರಿಯತೊಡಗುತ್ತವೆ.

ದೊಡ್ಡ ಕರುಳು ತನ್ನ ಶಕ್ತಿ ಮೀರಿ ದುಡಿದರೂ ದಿನಕ್ಕೆ ನಾಲ್ಕೈದು ಲೀಟರಿಗಿಂತ ಹೆಚ್ಚು ಹೀರಲಾರದು. ಒಮ್ಮೆಗೇ ಸುರಿದು ಬಂದರೆ ಅಷ್ಟೂ ಆಗದು. ಅದನ್ನು ಮೀರಿದ್ದು ನೀರುಭೇದಿಯಾಗಿ ಹೊರಬೀಳುತ್ತದೆ. ಭೇದಿಗೆ ಮುನ್ನ ಹೊಟ್ಟೆಯಲ್ಲಿ ಕೇಳುವ ಗುಳುಗುಳು ಸದ್ದು, ನೀರು ಮತ್ತು ಗಾಳಿ ತುಂಬಿದ ಕರುಳು ಹಿಂಡಿಕೊಳ್ಳುವ ಸದ್ದೇ ಆಗಿದೆ. ಏನೂ ತಿನ್ನದವರಿಗೂ ಭೇದಿ ಮುಂದುವರಿಯುವುದು ಏಕೆಂದು ಈಗ ತಿಳಿಯುತ್ತದೆ: ಹೊರಬರುತ್ತಿರುವುದು ತಿಂದದ್ದಲ್ಲ, ದೇಹದ್ದೇ ಉಪ್ಪು ಮತ್ತು ನೀರು.

ಇದಕ್ಕೆ ಕೊನೆಯೂ ಇದೆ. ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ವಿಷ ತಗುಲಿದ ಕೋಶಗಳು ಹಾಗೆ ಉದುರಿಹೋಗುವ ವೇಳೆಗೆ ದೇಹದ ಪ್ರತಿರೋಧವೂ ಬ್ಯಾಕ್ಟೀರಿಯಾವನ್ನು ಹೊರದೂಡಿರುತ್ತದೆ. ಬ್ಯಾಕ್ಟೀರಿಯಾದಿಂದಾದ ಭೇದಿ ಔಷಧವಿಲ್ಲದೆಯೂ ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ ನಿಲ್ಲುತ್ತದೆ. ಅಷ್ಟು ದಿನ ದೇಹದ ನೀರನ್ನು ಕಾಯ್ದುಕೊಳ್ಳುವುದೇ ಚಿಕಿತ್ಸೆಯ ತಿರುಳು.

ಕಾರಣ ನೀರೋ, ಆಹಾರವೋ?

ನೀರಿನ ಮೇಲೆ ಕಣ್ಣಿಟ್ಟವರು ಆಹಾರವನ್ನು ಮರೆಯುತ್ತಾರೆ. ಮುಚ್ಚಳ ಬಿಗಿದ ಬಾಟಲಿಯ ನೀರನ್ನೇ ಕುಡಿದೆ, ಆದರೂ ಹೀಗಾಯಿತು ಎಂದು ಬೇಸರಪಡುವವರು ಬಹಳ ಮಂದಿ. ಆರೋಗ್ಯವಂತ ವಯಸ್ಕರಿಗೆ ಇಟೆಕ್ ಕಾಯಿಲೆ ತರಬೇಕಾದರೆ ಲಕ್ಷಗಟ್ಟಲೆಯಿಂದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಒಟ್ಟಿಗೆ ಹೊಟ್ಟೆ ಸೇರಬೇಕು. ಶಿಗೆಲ್ಲಾ ಎಂಬ ಆಮಶಂಕೆಯ ಬ್ಯಾಕ್ಟೀರಿಯಾಕ್ಕಾದರೆ ನೂರರೊಳಗಿನ ಸಂಖ್ಯೆಯೇ ಸಾಕು. ಕಲುಷಿತ ನೀರಿನ ಒಂದು ಗುಟುಕಿನಲ್ಲಿ ಅಷ್ಟೊಂದು ಇಟೆಕ್ ಇರುವುದು ಅಪರೂಪ. ಆದರೆ ಅದೇ ನೀರಿನಿಂದ ತೊಳೆದ ಸೊಪ್ಪು, ಅದೇ ನೀರು ತಾಗಿದ ಚಾಕುವಿನಿಂದ ಹೆಚ್ಚಿಟ್ಟ ಹಣ್ಣು, ಬೇಯಿಸಿದ ನಂತರ ಕೈಯಿಂದ ಬೆರೆಸಿ ಬೆಚ್ಚಗಿನ ಕೋಣೆಯಲ್ಲಿ ಇಟ್ಟ ತಿನಿಸು, ಇವುಗಳಲ್ಲಿ ಸ್ವಲ್ಪವೇ ಇದ್ದದ್ದು ಬೆಳೆದು ಆ ಸಂಖ್ಯೆಯನ್ನು ಮುಟ್ಟುತ್ತದೆ. ಅನುಕೂಲವಾದ ಬಿಸಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದು ಸಾವಿರವಿದ್ದದ್ದು ನಾಲ್ಕು ಗಂಟೆಗಳಲ್ಲಿ ಹನ್ನೆರಡು ಸಲ ಇಮ್ಮಡಿಯಾಗಿ ನಲವತ್ತು ಲಕ್ಷ ದಾಟುತ್ತದೆ. ಆ ನಲವತ್ತು ಲಕ್ಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಆದ್ದರಿಂದ ನನ್ನ ಎಣಿಕೆಯಲ್ಲಿ, ಊಟ ಎಲ್ಲಿಯದು ಎಂಬುದಕ್ಕಿಂತ ಅದು ಬೆಂದು ಎಷ್ಟು ಹೊತ್ತಾಯಿತು ಎಂಬುದು ಮುಖ್ಯ. ಎದುರಿಗೇ ಬೇಯಿಸಿ ಹಬೆಯಾಡುತ್ತಿರುವಾಗ ಕೊಟ್ಟ ತಿನಿಸು, ದೊಡ್ಡ ಹೋಟೆಲಿನಲ್ಲಿ ಉಗುರುಬೆಚ್ಚಗೆ ಗಂಟೆಗಟ್ಟಲೆ ತೆರೆದಿಟ್ಟ ಸಾಲು ಸಾಲು ಭಕ್ಷ್ಯಗಳಿಗಿಂತ ಸುರಕ್ಷಿತ. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಮಾತ್ರೆಗಳನ್ನು ದಿನವೂ ಸೇವಿಸುವವರು ಇನ್ನೂ ಎಚ್ಚರದಿಂದಿರಬೇಕು, ಏಕೆಂದರೆ ಆ ಮೊದಲ ಕಾವಲು ಅವರಲ್ಲಿ ದುರ್ಬಲವಾಗಿರುತ್ತದೆ.

ಕೊನೆಯ ಊಟವೇ ಕಾರಣ ಎಂದು ಹೇಳಬಹುದೇ?

ಸಾಮಾನ್ಯವಾಗಿ ಹೇಳಲಾಗದು. ಊಟವಾದ ಒಂದರಿಂದ ಆರು ಗಂಟೆಗಳೊಳಗೆ ಜೋರಾದ ವಾಂತಿಯೊಂದಿಗೆ ಆರಂಭವಾದರೆ, ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷವನ್ನು ತಿಂದಿರಬಹುದು. ಬ್ಯಾಕ್ಟೀರಿಯಾ ಮತ್ತು ವೈರಸ್ಸುಗಳು ಕಾಯಿಲೆ ತೋರಿಸಲು ಸಾಮಾನ್ಯವಾಗಿ 6ರಿಂದ 72 ಗಂಟೆ ತೆಗೆದುಕೊಳ್ಳುತ್ತವೆ, ಅಂದರೆ ಮೂರು ದಿನ ಹಿಂದಿನ ಊಟವೂ ಕಾರಣವಾಗಿರಬಹುದು. ಜಿಯಾರ್ಡಿಯಾದಂಥ ಪರೋಪಜೀವಿಗಳು ಒಂದರಿಂದ ಎರಡು ವಾರ ಕಾಯುತ್ತವೆ, ಹೀಗಾಗಿ ಅವು ಮನೆಗೆ ಮರಳಿದ ಮೇಲೆಯೇ ಕಾಣಿಸುವುದುಂಟು. ಊಟ ಮಾಡಿದ ಹತ್ತೇ ನಿಮಿಷಕ್ಕೆ ಕಕ್ಕಸಿಗೆ ಓಡಬೇಕಾಗಿ ಬಂದರೆ ಅದು ಆ ಊಟದ ದೋಷವಲ್ಲ. ಹೊಟ್ಟೆ ತುಂಬಿದೊಡನೆ ದೊಡ್ಡ ಕರುಳು ಜರುಗುವುದು ಸಹಜ, ಕೆಟ್ಟ ಕರುಳಿನಲ್ಲಿ ಅದು ಜೋರಾಗಿ ತಿಳಿಯುತ್ತದೆ.

ಬಾಯಾರಿಕೆಗೆ ಬರೀ ನೀರು ಕುಡಿದರೆ ಸಾಲದೇ? ಓಆರ್‌ಎಸ್‌ನಲ್ಲಿ ಅಂಥದ್ದೇನಿದೆ?

ಮೇಲೆ ಹೇಳಿದಂತೆ ವಿಷವು ಉಪ್ಪು ಹೀರುವ ಒಂದು ಬಾಗಿಲನ್ನು ಮುಚ್ಚಿರುತ್ತದೆ. ಹೀಗಿರುವಾಗ ಬರೀ ನೀರು ಕುಡಿದರೆ ಅದನ್ನು ಎಳೆದೊಯ್ಯುವ ಉಪ್ಪಿನ ಸಾಗಾಟವೇ ಇರುವುದಿಲ್ಲ. ಬರೀ ಉಪ್ಪುನೀರು ಕುಡಿದರೂ ಅದೇ ಕಥೆ. ಆದರೆ ಆ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಅದು ಗ್ಲೂಕೋಸ್ ಮತ್ತು ಸೋಡಿಯಂ ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆಯುತ್ತದೆ, ಮತ್ತು ವಿಷ ಅದನ್ನು ಮುಟ್ಟುವುದಿಲ್ಲ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಒಟ್ಟಿಗೆ ಸಾಗುತ್ತವೆ ಎಂಬ ವಿಚಾರವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಮುಂದಿಟ್ಟರು. 1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹರಡಿ, ನರಕ್ಕೆ ಕೊಡುವ ಗ್ಲೂಕೋಸ್ ಬಾಟಲಿಗಳು ಸಾಲದೇ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಕುಡಿಸಿ ಸಾವುಗಳನ್ನು ಗಣನೀಯವಾಗಿ ತಗ್ಗಿಸಿದರು. ಇಂದಿನ ಓಆರ್‌ಎಸ್ ಅದರದೇ ಮುಂದುವರಿಕೆ.

ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಮಿಶ್ರಣದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. ಇಲ್ಲಿ ಗ್ಲೂಕೋಸ್ ಇರುವುದು ಶಕ್ತಿಗಾಗಿ ಅಲ್ಲ, ಸೋಡಿಯಂ ಸಾಗಲು ಬೇಕಾದಷ್ಟು ಮಾತ್ರ. ಸಿಹಿ ತಂಪುಪಾನೀಯಗಳು ಸೋಲುವುದು ಇಲ್ಲಿಯೇ. ಅವುಗಳಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ, ಉಪ್ಪು ಇಲ್ಲವೆಂದೇ ಹೇಳಬೇಕು. ಅಷ್ಟು ಗಟ್ಟಿಯಾದ ಸಕ್ಕರೆ ನೀರು ಕರುಳಿಗೆ ಇಳಿದರೆ ಅದು ಸುತ್ತಲಿನ ನೀರನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ. ಓಆರ್‌ಎಸ್‌ನಂತೆಯೇ ಕಾಣುವ ಡಬ್ಬಿಯಲ್ಲಿ ಮಾರುವ ಹಣ್ಣಿನ ರುಚಿಯ ಸಿಹಿ ಪೇಯಗಳೂ ಇದೇ ಗುಂಪಿನವು. ಲೇಬಲ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು.

ಪ್ಯಾಕೆಟ್ ಬೆರೆಸುವಾಗ ಎಲ್ಲಿ ತಪ್ಪಾಗುತ್ತದೆ? ಪ್ಯಾಕೆಟ್ ಸಿಗದಿದ್ದರೆ ಏನು ಮಾಡಬೇಕು?

ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದು ಕುಡಿಯುವುದು ಅತಿ ಸಾಮಾನ್ಯವಾದ ತಪ್ಪು. ಹಾಗೆ ಕುಡಿದರೆ ಉಪ್ಪು ನಾಲ್ಕೈದು ಪಟ್ಟು ಹೆಚ್ಚಾಗುತ್ತದೆ, ಮಕ್ಕಳಿಗಂತೂ ಅದು ಅಪಾಯಕಾರಿ. 200 ಮಿಲಿಲೀಟರಿನ ಚಿಕ್ಕ ಪ್ಯಾಕೆಟ್ಟುಗಳೂ ಇರುವುದರಿಂದ ಪ್ರಮಾಣವನ್ನು ಓದಿಯೇ ಬೆರೆಸಬೇಕು. ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿಯೇ ಸಾಕು. ಪುಡಿಯನ್ನು ಭಾಗ ಮಾಡಿ ಅರ್ಧ ಪ್ಯಾಕೆಟ್ ಹಾಕುವುದು ಸರಿಯಲ್ಲ, ಏಕೆಂದರೆ ಅದರೊಳಗಿನ ಲವಣಗಳು ಎರಡೂ ಭಾಗಕ್ಕೆ ಸಮವಾಗಿ ಬರುತ್ತವೆಂದು ಹೇಳಲಾಗದು. ಬೆರೆಸಿದ್ದನ್ನು 24 ಗಂಟೆಗಳೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಬೇಕು.

ಪ್ಯಾಕೆಟ್ ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಚಮಚದ ಮೇಲೆ ಗುಡ್ಡೆ ನಿಲ್ಲದಂತೆ ಬೆರಳಿನಿಂದ ಸವರಿ ಅಳೆಯಬೇಕು. ಬೆರೆಸಿದ ಮೇಲೆ ನಾಲಗೆಗೆ ಹಚ್ಚಿ ನೋಡಿದಾಗ ಕಣ್ಣೀರಿಗಿಂತ ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಬೇಕು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲವಾದ್ದರಿಂದ ಜೊತೆಗೆ ಒಂದು ಬಾಳೆಹಣ್ಣು ತಿಂದರೆ ಒಳ್ಳೆಯದು.

ಎಷ್ಟು ಕುಡಿಯಬೇಕು? ಕುಡಿದದ್ದೆಲ್ಲ ವಾಂತಿಯಾದರೆ?

ಒಂದು ಪ್ರಸಂಗವನ್ನು ಲೆಕ್ಕ ಹಾಕಿ ನೋಡೋಣ. ಸುಮಾರು 60 ಕಿಲೋ ತೂಕದ, ಬೇರೆ ಕಾಯಿಲೆಗಳಿಲ್ಲದ ಒಬ್ಬ ಮಹಿಳೆ ಪ್ರವಾಸದ ನಾಲ್ಕನೆಯ ದಿನ ಬೆಳಗಿನ ಜಾವ 4 ಗಂಟೆಗೆ ಹೊಟ್ಟೆ ನುಲಿತದಿಂದ ಎಚ್ಚರಗೊಳ್ಳುತ್ತಾರೆ. 10 ಗಂಟೆಯೊಳಗೆ ಆರು ಸಲ ನೀರಿನಂತೆ ಭೇದಿಯಾಗಿದೆ, ಎರಡು ಸಲ ವಾಂತಿಯಾಗಿದೆ. ಜ್ವರವಿಲ್ಲ, ಮಲದಲ್ಲಿ ರಕ್ತವಿಲ್ಲ. ಈ ನಡುವೆ ಅವರು ಕುಡಿದದ್ದು ಒಂದು ಬಾಟಲಿ ತಂಪುಪಾನೀಯ ಮಾತ್ರ. ನಾಲಗೆ ಅಂಟುತ್ತಿದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಮೂತ್ರ ಹೋದದ್ದು ಬೆಳಗಿನ ಜಾವ ಒಮ್ಮೆ, ಅದೂ ಗಾಢ ಹಳದಿ ಬಣ್ಣದ್ದು.

ಪ್ರತಿ ಭೇದಿಗೆ 250 ಮಿಲಿಲೀಟರ್ ಎಂದು ಹಿಡಿದರೆ ಒಂದೂವರೆ ಲೀಟರ್, ವಾಂತಿಯಲ್ಲಿ ಅರ್ಧ ಲೀಟರ್, ಒಟ್ಟು 2 ಲೀಟರ್ ಹೋಗಿದೆ. ಅದು ದೇಹತೂಕದ ಶೇಕಡಾ ಮೂರಕ್ಕಿಂತ ಸ್ವಲ್ಪ ಹೆಚ್ಚು. ನೀರು ಕಡಿಮೆಯಾದ ಲಕ್ಷಣಗಳು ಕಾಣಿಸತೊಡಗುವ ಹಂತವದು. ಆದ್ದರಿಂದ ಮೊದಲ ನಾಲ್ಕು ಗಂಟೆಗಳಲ್ಲಿ ಆ 2 ಲೀಟರನ್ನು ತುಂಬಿಕೊಡಬೇಕು. ಗಂಟೆಗೆ ಅರ್ಧ ಲೀಟರ್, ಅಂದರೆ ಕಾಲು ಗಂಟೆಗೊಮ್ಮೆ ಅರ್ಧ ಲೋಟ. ಅದರ ಮೇಲೆ ಹೊಸದಾಗಿ ಆಗುವ ಪ್ರತಿ ಭೇದಿಗೆ ಒಂದೊಂದು ಲೋಟ.

ಅವರು ಬಾಯಾರಿಕೆಯಿಂದ ಮೊದಲ ಲೋಟವನ್ನು ಗಟಗಟನೆ ಕುಡಿದುಬಿಟ್ಟರು, ಅದು ಕೂಡಲೇ ವಾಂತಿಯಾಯಿತು. ಇಲ್ಲಿ ಬಹಳ ಮಂದಿ "ಓಆರ್‌ಎಸ್ ಹಿಡಿಸುವುದಿಲ್ಲ" ಎಂದು ಕೈಬಿಡುತ್ತಾರೆ. ಮಾಡಬೇಕಾದದ್ದು ಇಷ್ಟು: ಹತ್ತು ನಿಮಿಷ ಸುಮ್ಮನಿದ್ದು, ಬಳಿಕ ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚದಂತೆ ಗುಟುಕರಿಸಬೇಕು. ಹಿಗ್ಗಿದ ಹೊಟ್ಟೆ ವಾಂತಿಯನ್ನು ಕೆರಳಿಸುತ್ತದೆ, ಚಮಚದಷ್ಟು ದ್ರವ ಹೊಟ್ಟೆಯನ್ನು ಹಿಗ್ಗಿಸುವುದಿಲ್ಲ. ಅರ್ಧ ಗಂಟೆ ಹೀಗೆ ನಡೆಸಿದ ಮೇಲೆ ಅವರಿಗೆ ಗುಟುಕು ದೊಡ್ಡದು ಮಾಡಲು ಸಾಧ್ಯವಾಯಿತು. ಮಧ್ಯಾಹ್ನ 3 ಗಂಟೆಗೆ ತಿಳಿ ಬಣ್ಣದ ಮೂತ್ರ ಹೋಯಿತು, ತಲೆಸುತ್ತು ನಿಂತಿತು. ಭೇದಿ ಅಂದು ಇನ್ನೂ ನಾಲ್ಕು ಸಲ ಆಯಿತು, ಮರುದಿನ ಎರಡು ಸಲ, ಮೂರನೆಯ ದಿನ ಮಲ ಗಟ್ಟಿಯಾಯಿತು.

ಓಆರ್‌ಎಸ್ ಭೇದಿಯನ್ನು ತಕ್ಷಣ ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಅದರ ಕೆಲಸ ಭೇದಿ ನಿಲ್ಲಿಸುವುದಲ್ಲ, ಭೇದಿಯಾಗುತ್ತಿರುವಾಗಲೂ ದೇಹ ಒಣಗದಂತೆ ನೋಡಿಕೊಳ್ಳುವುದು. ಅದು ಫಲಿಸುತ್ತಿದೆಯೇ ಎಂದು ತಿಳಿಯಲು ಭೇದಿಯ ಸಂಖ್ಯೆಯನ್ನು ಎಣಿಸುವುದಕ್ಕಿಂತ ಮೂತ್ರವನ್ನು ಗಮನಿಸುವುದು ಒಳ್ಳೆಯ ದಾರಿ.

ಊಟ ಬಿಡಬೇಕೇ?

ಬಿಡಬೇಕಾಗಿಲ್ಲ. ವಾಂತಿ ನಿಂತು ಹಸಿವಾದೊಡನೆ ಮೆದುವಾದ, ಎಣ್ಣೆ ಕಡಿಮೆಯಿರುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನಬಹುದು. ಕರುಳಿನ ಹೊಸ ಕೋಶಗಳಿಗೂ ಆಹಾರ ಬೇಕು. ಹಾಲು ಹೊಟ್ಟೆಯುಬ್ಬರ ತಂದರೆ ಕೆಲವು ದಿನ ಬಿಡಿ. ಎದೆಹಾಲು ಕುಡಿಯುವ ಮಗುವಿಗೆ ಮಾತ್ರ ಎದೆಹಾಲನ್ನು ಎಂದಿಗೂ ನಿಲ್ಲಿಸಬಾರದು.

ಬಸ್ಸು, ರೈಲು, ವಿಮಾನ ಹಿಡಿಯಬೇಕಾಗಿದೆ. ಭೇದಿ ನಿಲ್ಲಿಸುವ ಮಾತ್ರೆ ತೆಗೆದುಕೊಳ್ಳಬಹುದೇ?

ಇದಕ್ಕೆ ಬಳಕೆಯಲ್ಲಿರುವುದು ಲೋಪೆರಮೈಡ್. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ಕರುಳಿನ ಓಟವನ್ನು ನಿಧಾನ ಮಾಡಿ, ದ್ರವವನ್ನು ಹೀರಿಕೊಳ್ಳಲು ಕರುಳಿಗೆ ಹೆಚ್ಚು ಸಮಯ ಕೊಡುತ್ತದೆ. ಜ್ವರವಾಗಲಿ ರಕ್ತವಾಗಲಿ ಇಲ್ಲದ ಬರೀ ನೀರುಭೇದಿಯಲ್ಲಿ ವಯಸ್ಕರು ಮೊದಲು 4 ಮಿಲಿಗ್ರಾಂ, ಆಮೇಲೆ ಪ್ರತಿ ಸಡಿಲ ಭೇದಿಯ ನಂತರ 2 ಮಿಲಿಗ್ರಾಂ ತೆಗೆದುಕೊಳ್ಳಬಹುದು. ವೈದ್ಯರು ಹೇಳದೆ ದಿನಕ್ಕೆ 8 ಮಿಲಿಗ್ರಾಂ ಮೀರಬಾರದು, ಏಕೆಂದರೆ ಅತಿಯಾದ ಪ್ರಮಾಣ ಹೃದಯದ ಬಡಿತವನ್ನು ಕೆಡಿಸಬಲ್ಲದು. ರಕ್ತ ಬೀಳುತ್ತಿದ್ದರೆ ಅಥವಾ ಜ್ವರ ಜೋರಾಗಿದ್ದರೆ ಇದನ್ನು ಮುಟ್ಟಬಾರದು. ಗೋಡೆಯನ್ನು ಕೊರೆಯುವ ಬಗೆಯ ರೋಗಾಣುವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಮಾತ್ರೆ ನುಂಗಿ ಭೇದಿ ನಿಂತಿತೆಂದು ಓಆರ್‌ಎಸ್ ಬಿಡುವವರೂ ಇದ್ದಾರೆ. ಆಗಲೇ ಕಳೆದುಹೋದ ನೀರನ್ನು ಆ ಮಾತ್ರೆ ತಂದುಕೊಡುವುದಿಲ್ಲ.

ಆಂಟಿಬಯಾಟಿಕ್ ತೆಗೆದುಕೊಂಡರೆ ಬೇಗ ಗುಣವಾಗುವುದಿಲ್ಲವೇ?

ಬ್ಯಾಕ್ಟೀರಿಯಾದ ಭೇದಿಯಾಗಿದ್ದರೆ ಒಂದೆರಡು ದಿನ ಬೇಗ ಗುಣವಾಗಬಹುದು. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಪ್ರಯಾಣದಲ್ಲಿ ಆಂಟಿಬಯಾಟಿಕ್ ನುಂಗಿದವರ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮನೆ ಮಾಡಿ ಅವರೊಂದಿಗೆ ಊರಿಗೂ ಬರುವುದು ಹೆಚ್ಚು. ಹೀಗಾಗಿ, ತಿರುಗಾಟಕ್ಕೆ ಅಡ್ಡಿಯಾಗದಂಥ ಸೌಮ್ಯ ಭೇದಿಗೆ ಆಂಟಿಬಯಾಟಿಕ್ ಬೇಡವೆಂಬುದೇ ಪ್ರಯಾಣ ವೈದ್ಯಶಾಸ್ತ್ರದ ಇಂದಿನ ನಿಲುವು. ಹಾಸಿಗೆ ಹಿಡಿಸುವಷ್ಟು ತೀವ್ರವಾದಾಗ, ಅಥವಾ ರಕ್ತಭೇದಿಯಾದಾಗ, ವೈದ್ಯರು ಸಾಮಾನ್ಯವಾಗಿ ಅಜಿತ್ರೊಮೈಸಿನ್ ಆರಿಸುತ್ತಾರೆ. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ಈಗ ಅನೇಕ ಕಡೆ ರೋಗಾಣುಗಳು ಬಗ್ಗುವುದಿಲ್ಲ.

ಔಷಧದಂಗಡಿಯಲ್ಲಿ "ಲೂಸ್ ಮೋಷನ್" ಎಂದೊಡನೆ ಮೆಟ್ರೊನಿಡಜೋಲ್ ಇರುವ ಮಾತ್ರೆ ಕೈಗೆ ಬರುವುದುಂಟು. ಅದು ಜಿಯಾರ್ಡಿಯಾ ಮತ್ತು ಅಮೀಬಾದಂಥವುಗಳಿಗೆ ಔಷಧ, ಇ. ಕೋಲಿಗೆ ಅಲ್ಲ. ಅದನ್ನು ನುಂಗಿದ ಮೂರನೆಯ ದಿನ ಭೇದಿ ನಿಂತರೆ, ಅದು ಹೇಗೂ ನಿಲ್ಲಬೇಕಾಗಿದ್ದ ಮೂರನೆಯ ದಿನವೇ ಆಗಿರುತ್ತದೆ.

ಯಾವ ಲಕ್ಷಣ ಕಂಡರೆ ವೈದ್ಯರಲ್ಲಿಗೆ ಹೋಗಬೇಕು?

ಮಲದಲ್ಲಿ ರಕ್ತ ಕಂಡರೆ, ಜ್ವರ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಚಮಚದಲ್ಲಿ ಕೊಟ್ಟದ್ದೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ಗಂಟೆಗಳಿಂದ ಮೂತ್ರ ಬಂದಿರದಿದ್ದರೆ, ಎದ್ದು ನಿಲ್ಲಲಾಗದಷ್ಟು ತಲೆಸುತ್ತು ಅಥವಾ ಮಂಕು ಕವಿದರೆ, ಹೊಟ್ಟೆನೋವು ಬಂದು ಹೋಗುವ ನುಲಿತವಾಗಿರದೆ ಒಂದೇ ಸಮನೆ ಹೆಚ್ಚುತ್ತಿದ್ದರೆ ಕಾಯಬಾರದು. ಅಕ್ಕಿ ತೊಳೆದ ನೀರಿನಂತೆ ಬಿಳಿಚಿದ ಭೇದಿ ಮೇಲಿಂದ ಮೇಲೆ ಆಗುತ್ತಿದ್ದರೆ ಅದು ಕಾಲರಾ ಆಗಿರಬಹುದು. ಅದರಲ್ಲಿ ಗಂಟೆಗಳ ಲೆಕ್ಕದಲ್ಲಿ ಪ್ರಾಣಾಪಾಯವಿರುವುದರಿಂದ ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ಮತ್ತು ವಯಸ್ಸಾದವರು ಮೊದಲ ದಿನವೇ ವೈದ್ಯರೊಡನೆ ಮಾತನಾಡುವುದು ಲೇಸು. ದೇಹ ಒಣಗಿರುವಾಗ ಅವರ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು, ಆದರೆ ಆ ನಿರ್ಧಾರ ವೈದ್ಯರದ್ದು.

ಮಕ್ಕಳ ವಿಷಯದಲ್ಲಿ ಬೇರೆ ಏನು ಗಮನಿಸಬೇಕು?

ಮಕ್ಕಳ ದೇಹ ಬೇಗ ಒಣಗುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿಲೀಟರ್ ಓಆರ್‌ಎಸ್ ಕೊಡಬೇಕು. ಅತ್ತಾಗ ಕಣ್ಣೀರು ಬಾರದಿರುವುದು, ಕಣ್ಣು ಗುಳಿ ಬೀಳುವುದು, ಹೊಟ್ಟೆಯ ಚರ್ಮವನ್ನು ಮೆಲ್ಲನೆ ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಕೆಳಗಿಳಿಯುವುದು, ಮಗು ಆಟ ಬಿಟ್ಟು ತೂಕಡಿಸುವುದು, ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಕ್ಕಳಿಗೆ ಸತುವಿನ ಮಾತ್ರೆ ಅಥವಾ ಸಿರಪ್ಪನ್ನು 10ರಿಂದ 14 ದಿನ ಕೊಡುವುದು ರೂಢಿಯಲ್ಲಿದೆ: ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಕ್ಕಳಿಗೆ 20 ಮಿಲಿಗ್ರಾಂ.

ನೀರನ್ನು ಸುರಕ್ಷಿತ ಮಾಡಿಕೊಳ್ಳುವುದು ಹೇಗೆ?

ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು. 2000 ಮೀಟರಿಗಿಂತ ಎತ್ತರದ ಸ್ಥಳಗಳಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಮೂರು ನಿಮಿಷ ಕುದಿಸಬೇಕು. ಕ್ಲೋರಿನ್ ಮಾತ್ರೆಗಳು ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊಲ್ಲುತ್ತವೆಯಾದರೂ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಅವಕ್ಕೆ ಜಗ್ಗುವುದಿಲ್ಲ, ಕದಡಿದ ನೀರಿನಲ್ಲಿ ಆ ಮಾತ್ರೆಗಳ ಶಕ್ತಿಯೂ ಕುಗ್ಗುತ್ತದೆ. ಐಸ್ ಕೂಡ ನೀರೇ, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಕೈಗಳಿಗೆ ಸೋಪು ಮತ್ತು ನೀರೇ ಮೇಲು, ಏಕೆಂದರೆ ವಾಂತಿ-ಭೇದಿ ತರುವ ನೊರೊವೈರಸ್ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ನಡೆಯುವುದಿಲ್ಲ.

ಊರಿಗೆ ಮರಳಿ ವಾರಗಳಾದರೂ ಹೊಟ್ಟೆ ಸರಿಹೋಗಿಲ್ಲ. ಏಕೆ?

ಮೂರು ಸಾಧ್ಯತೆಗಳಿವೆ. ಮೊದಲನೆಯದು ಜಿಯಾರ್ಡಿಯಾದಂಥ ಪರೋಪಜೀವಿ. ಅದರಲ್ಲಿ ರಭಸದ ನೀರುಭೇದಿ ಇರುವುದಿಲ್ಲ. ಮಲ ಜಿಡ್ಡಾಗಿ ದುರ್ನಾತ ಬೀರುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ತೂಕ ಇಳಿಯುತ್ತದೆ. ಎರಡು ವಾರ ದಾಟಿದ ಭೇದಿಗೆ ಮಲಪರೀಕ್ಷೆ ಮಾಡಿಸಲೇಬೇಕು. ಒಂದೇ ಮಾದರಿಯಲ್ಲಿ ಜಿಯಾರ್ಡಿಯಾ ಸಿಗದೇ ಹೋಗಬಹುದಾದ್ದರಿಂದ ವೈದ್ಯರು ಬೇರೆ ಬೇರೆ ದಿನಗಳ ಮಾದರಿಗಳನ್ನು ಕೇಳುವುದುಂಟು.

ಎರಡನೆಯದು, ಸೋಂಕು ಹೋದರೂ ಕರುಳಿನ ಮೇಲ್ಮೈಯಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕೆಲವು ವಾರ ಕಡಿಮೆಯಾಗಿರುವುದು. ಹಾಲು ಕುಡಿದ ದಿನ ಮಾತ್ರ ಹೊಟ್ಟೆ ಉಬ್ಬರಿಸಿ ಸಡಿಲವಾಗುತ್ತಿದ್ದರೆ ಇದನ್ನು ಶಂಕಿಸಬಹುದು. ಇದು ತಾನಾಗಿಯೇ ಸರಿಹೋಗುತ್ತದೆ.

ಮೂರನೆಯದು, ಸೋಂಕಿನ ನಂತರ ಉಳಿಯುವ ಕರುಳಿನ ಕಿರಿಕಿರಿ. ಪರೀಕ್ಷೆಗಳೆಲ್ಲ ಸರಿಯಾಗಿಯೇ ಬರುತ್ತವೆ, ಆದರೆ ಕರುಳಿನ ನರಗಳು ಮೊದಲಿಗಿಂತ ಸೂಕ್ಷ್ಮವಾಗಿಬಿಟ್ಟಿರುತ್ತವೆ. ಸಾಮಾನ್ಯ ಊಟಕ್ಕೂ ನುಲಿತ, ಅವಸರ ತಿಳಿಯುತ್ತವೆ. ಭೇದಿ ತೀವ್ರವಾಗಿದ್ದವರಲ್ಲಿ, ಬಹಳ ದಿನ ಎಳೆದವರಲ್ಲಿ ಇದು ಹೆಚ್ಚು. ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಸೋಂಕು ಇಲ್ಲವೆಂದು ಖಚಿತವಾದ ಮೇಲೆ ಇವರಿಗೆ ಮತ್ತೆ ಮತ್ತೆ ಆಂಟಿಬಯಾಟಿಕ್ ಕೊಡುವುದರಿಂದ ಪ್ರಯೋಜನವಿಲ್ಲ. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಕಂಡರೆ ಮಾತ್ರ ಅದನ್ನು ಕಿರಿಕಿರಿ ಎಂದು ಬಿಡದೆ, ಬೇರೆ ಕಾಯಿಲೆ ಇದೆಯೇ ಎಂದು ನೋಡಲು ಹೊಟ್ಟೆ-ಕರುಳಿನ ತಜ್ಞರಿಂದ ಮುಂದಿನ ಪರೀಕ್ಷೆ ಮಾಡಿಸಬೇಕು.